ಹೆಬ್ಬೆರಳ ಅಡಿಯ ಪ್ರಶ್ನೆ

ಆ ಹೆಬ್ಬೆರಳಿಗೆ ಬಿಳಿ ಪಟ್ಟಿ ಕಟ್ಟಿತ್ತು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ಈಗ ಪಟ್ಟಿಯ ಅಂಚಿನಲ್ಲಿ ಅರಸಿನದ ಕಲೆಯೂ ಕಾಣುತ್ತದೆ. ಹೆಬ್ಬೆರಳಿನ ಯಜಮಾನರನ್ನು ಮೊನ್ನೆ ಉಪ್ಪಿನಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗ ಕೇಳಿದೆ. "ನನಗೆ ಬೆರಳಿಗೆ ಗಾಯ ಆದದ್ದೇ ಇಲ್ಲ ಮಾರಾಯ್ರೆ" ಎಂದರು. ಆದ್ದರಿಂದ ಪಟ್ಟಿಯನ್ನು ಇಲ್ಲಿ ಬಿಚ್ಚಿದ್ದೇನೆ. ಹೆಬ್ಬೆರಳು ಮಾತ್ರ ಇತ್ತು. ಅದಕ್ಕೆ ಸಾಕ್ಷಿ ಇದೆ, ಅಥವಾ ಇತ್ತು.

ಅವರು ಕಡಬ ತಾಲೂಕಿನ ಒಂದು ಹಳ್ಳಿಯ ಹಾಲಿನ ಸೊಸೈಟಿಯ ಕಾರ್ಯದರ್ಶಿ. ನಾನು ಪುತ್ತೂರಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ನಮ್ಮಿಬ್ಬರ ನಡುವೆ ಬಂದದ್ದು ಒಂದು ಪರೀಕ್ಷೆ. ಆ ಸೊಸೈಟಿಯಲ್ಲಿ ಒಬ್ಬಾಕೆ ಒಂಬತ್ತು ವರ್ಷದಿಂದ ಹಾಲು ಪರೀಕ್ಷಿಸುತ್ತಿದ್ದರು. ತಾತ್ಕಾಲಿಕ. ಕಲ್ಲುಗುಂಡಿ ಕಡೆಯ ಅರೆಭಾಷೆಯ ಮನೆಯಿಂದ ಮದುವೆಯಾಗಿ ಬಂದವರು. ತವರಿಗೆ ಫೋನು ಮಾಡುವಾಗ ಅರೆಭಾಷೆ, ಹಾಲು ತರುವವರೊಡನೆ ತುಳು, ಮೇಲಧಿಕಾರಿಗಳೊಡನೆ ಕನ್ನಡ. ಅವರ ಕೆಲಸ ಕಾಯಂ ಆಗಬೇಕಾದರೆ ಇಪ್ಪತ್ತೈದು ಅಂಕದ ಒಂದು ಲಿಖಿತ ಪರೀಕ್ಷೆಯಲ್ಲಿ ಇಪ್ಪತ್ತು ಬರಬೇಕು. ಬಾರದಿದ್ದರೆ ಬೇರೆ ಕಡೆಯಿಂದ ಒಬ್ಬರನ್ನು ಆ ಕುರ್ಚಿಗೆ ಕಳುಹಿಸುತ್ತಾರೆ, ಇವರು ಕ್ಯಾನು ತೊಳೆಯುವಲ್ಲಿಗೆ ಹೋಗಬೇಕು. ಇದು ಅವರಿಗೂ ಗೊತ್ತಿತ್ತು, ಹಾಲು ತರುವ ಎಲ್ಲರಿಗೂ ಗೊತ್ತಿತ್ತು.

ಪ್ರಶ್ನೆಪತ್ರಿಕೆ ಬರೆದದ್ದು ಮೇಲಿನ ಕಚೇರಿಯ ಸೂಪರ್‌ವೈಸರ್. ಇಂಗ್ಲಿಷಿನಲ್ಲಿ, ಕೈಬರಹದಲ್ಲಿ, ಒಂದೇ ಪ್ರತಿ. ಟೈಪು ಮಾಡಿಸಿದರೆ ಟೈಪು ಮಾಡಿದವನು ಓದುತ್ತಾನೆ, ಜೆರಾಕ್ಸ್ ಮಾಡಿಸಿದರೆ ಜೆರಾಕ್ಸಿನವನು ಓದುತ್ತಾನೆ ಎಂಬುದು ಅವರ ವಾದ. ಪತ್ರಿಕೆಯ ಕೊನೆಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಇರುವ ಸಾಲು ಇತ್ತು: ಅನುವಾದದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ.

ಕಾರ್ಯದರ್ಶಿಯವರು ಗೌಪ್ಯತೆಯಲ್ಲಿ ಸೂಪರ್‌ವೈಸರನ್ನೂ ಮೀರಿಸಿದರು. ಯಾವುದೋ ತರಬೇತಿಯಲ್ಲಿ ಅವರು ವಾಟ್ಸಾಪಿನ ಒಂದು ಉಪಾಯ ಕಲಿತು ಬಂದಿದ್ದರು: ಚಿತ್ರ ಕಳುಹಿಸಿದರೆ ಪಡೆದವನು ಒಂದೇ ಸಲ ನೋಡಬಹುದು, ಮುಚ್ಚಿದರೆ ಮುಗಿಯಿತು. ಉಳಿಸಿಕೊಳ್ಳುವ ಹಾಗಿಲ್ಲ, ಸ್ಕ್ರೀನ್‌ಶಾಟ್ ತೆಗೆಯುವ ಹಾಗಿಲ್ಲ.

"ಮಾಷ್ಟ್ರೆ, ಎರಡು ಫೋಟೋ ಬರ್ತದೆ" ಎಂದು ಫೋನು ಮಾಡಿ ಹೇಳಿದರು. "ಒಂದು ಸಲ ನೋಡುದು, ಕನ್ನಡ ಮಾಡುದು. ಮತ್ತೆ ಫೋನಿನಲ್ಲಿ ಪರೀಕ್ಷೆಯ ಸುದ್ದಿ ಎತ್ತುದೇ ಬೇಡ."

"ಸಂಶಯ ಬಂದರೆ?"

"ಬಂದರೆ ಕರುವಿನ ವಿಷಯ ಅಂತ ಮಾತಾಡಿ. ಹಾಲಿನ ಹೊತ್ತಿಗೆ ನನ್ನ ಫೋನು ಕೌಂಟರಿನಲ್ಲಿ ಇರ್ತದೆ. ಎತ್ತುದು ಅವಳೇ."

ಅವಳೇ ಎಂದರೆ ಪರೀಕ್ಷೆ ಬರೆಯಬೇಕಾದಾಕೆ.

ಪ್ರಶ್ನೆಗಳನ್ನು ಅನುವಾದಿಸುವುದು ಕಥೆ ಅನುವಾದಿಸಿದಂತಲ್ಲ. ಕಥೆಯಲ್ಲಿ ನನ್ನ ಕೈ ಸ್ವಲ್ಪ ಓಡಾಡಬಹುದು. ಪ್ರಶ್ನೆಯಲ್ಲಿ ಕೈಗೆ ಕೆಲಸವೇ ಇಲ್ಲ. ಮೂಲದಲ್ಲಿ ಅಸ್ಪಷ್ಟ ಇದ್ದರೆ ಅದನ್ನು ಸ್ಪಷ್ಟ ಮಾಡುವ ಹಾಗಿಲ್ಲ, ಕೇಳಬೇಕು. ಕಷ್ಟದ ಪದಕ್ಕೆ ವಿವರಣೆ ಕೊಟ್ಟರೆ ಉತ್ತರ ಹೊರಗೆ ಬಂದುಬಿಡಬಹುದು. ನಾಲ್ಕು ಆಯ್ಕೆಗಳಲ್ಲಿ ಸರಿ ಇರುವುದನ್ನು ಮಾತ್ರ ಉದ್ದ ಮಾಡಿ ಬರೆದರೆ ಏನೂ ಓದದವರೂ ಅದನ್ನೇ ಗುರುತಿಸುತ್ತಾರೆ. ಆಯ್ಕೆಗಳ ಕ್ರಮ ಬದಲಾದರೆ ಉತ್ತರಸೂಚಿಯ ಅಕ್ಷರಗಳು ಕೆಡುತ್ತವೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದೇ ಈ ಬರಹದ ತೊಂದರೆ.

ಮೊದಲ ಚಿತ್ರ ತೆರೆದೆ. ಪಕ್ಕದಲ್ಲಿ ನೋಟು ಪುಸ್ತಕ. ಫೋನಿನ ಬೆಳಕು ಆರದಂತೆ ಎಡಗೈ ಬೆರಳಿನಿಂದ ಆಗಾಗ ಪರದೆ ಮುಟ್ಟುತ್ತ ಬಲಗೈಯಲ್ಲಿ ನಕಲು ಮಾಡಿದೆ. ಸೂಪರ್‌ವೈಸರ್ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಕೊಬ್ಬಿನ ಪರೀಕ್ಷೆಗೆ ಪಿಪೆಟ್ಟಿನಲ್ಲಿ ತೆಗೆಯುವ ಹಾಲಿನ ಅಳತೆ 1075 ಮಿಲಿಲೀಟರ್ ಎಂದು ಕಂಡಿತು. ಒಂದು ಲೀಟರಿಗಿಂತ ಹೆಚ್ಚು ಹಾಲು ಹೆಬ್ಬೆಟ್ಟು ಗಾತ್ರದ ಗಾಜಿನ ಕೊಳವೆಗೆ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದೆ. ಹತ್ತರ ನಂತರ ಒಂದು ಚುಕ್ಕಿ, ನೊಣದ ಕಾಲಿನಷ್ಟು. 10.75. ಇನ್ನೊಂದು ಪ್ರಶ್ನೆಯಲ್ಲಿ ‘ಕನಿಷ್ಠ’ ಎಂಬ ಮಾತು ವಾಕ್ಯದ ಯಾವ ಭಾಗಕ್ಕೆ ಸೇರಬೇಕು ಎಂದು ಅರ್ಧ ಗಂಟೆ ಕಳೆದೆ. ಅಷ್ಟು ಜಾಗ್ರತೆ.

ಎರಡನೆಯ ಚಿತ್ರ ‘ಬಿ’ ಭಾಗ. ಪ್ರಶ್ನೆ ಇಪ್ಪತ್ತೊಂದರಿಂದ ಇಪ್ಪತ್ತೈದು. ಐದಕ್ಕೂ ಸೇರಿ ಮೇಲೆ ಒಂದೇ ಸೂಚನೆಯ ಸಾಲು. ಅದರ ಮೇಲೆ, ಹಾಳೆ ಹಾರದಂತೆ ಒತ್ತಿ ಹಿಡಿದ ಹೆಬ್ಬೆರಳು. ಬೆರಳಿನ ಎಡಕ್ಕೆ ‘ಗುರುತಿಸಿ’ ಎಂಬರ್ಥದ ಇಂಗ್ಲಿಷ್ ಪದ ಕಾಣುತ್ತಿತ್ತು. ಏನನ್ನು ಗುರುತಿಸುವುದು ಎಂಬುದು ಬೆರಳಿನ ಅಡಿಯಲ್ಲಿತ್ತು.

ನಾನು ಇದನ್ನು ಆಗಲೇ ಗಮನಿಸಿದೆನೇ? ಹೌದು ಎಂದು ಬರೆದರೆ ನಾನು ಬೇಜವಾಬ್ದಾರಿ, ಇಲ್ಲ ಎಂದು ಬರೆದರೆ ಕುರುಡ. ನೋಟು ಪುಸ್ತಕ ಹೇಳುವುದಿಷ್ಟು: ಸೂಚನೆಯ ಜಾಗ ಖಾಲಿ ಬಿಟ್ಟು ಐದು ಪ್ರಶ್ನೆಗಳನ್ನು ಬರೆದಿದ್ದೇನೆ. ಆಮೇಲೆ ಅಭ್ಯಾಸಬಲದಿಂದ ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ. ಚಿತ್ರ ಹೋಯಿತು. ‘ತೆರೆಯಲಾಗಿದೆ’ ಎಂಬ ಒಂದು ಪದ ಉಳಿಯಿತು.

ಫೋನು ಮಾಡಿದೆ. ಹಾಲಿನ ಹೊತ್ತು. ಆಕೆಯೇ ಎತ್ತಿದರು.

"ಅವರು ಕ್ಯಾನು ಇಳಿಸ್ತಾ ಇದ್ದಾರೆ ಸರ್. ಎಂತ ಹೇಳ್ಬೇಕು?"

ನಾನು ಒಪ್ಪಂದದಂತೆ, "ಕರುವಿನ ವಿಷಯ. ತಲೆ ಕಾಣುತ್ತಿಲ್ಲ ಎಂದು ಹೇಳಿ" ಎಂದೆ.

"ಕಾಲು ಎರಡೂ ಹೊರಗೆ ಬಂದುಂಟಾ?"

"ಐದು ಬಂದಿವೆ" ಎಂದೆ. ಐದು ಪ್ರಶ್ನೆಗಳ ಲೆಕ್ಕ ನಾಲಿಗೆಗೆ ಬಂದುಬಿಟ್ಟಿತು.

"ಐದಾ?"

"ಅಲ್ಲ, ಎರಡು. ಎರಡು."

"ಸರ್, ಕಾಲು ಬಂದು ತಲೆ ಕಾಣದಿದ್ರೆ ತಲೆ ಹಿಂದಕ್ಕೆ ತಿರುಗಿರ್ತದೆ. ಎಳೀಬೇಡಿ ಮಾತ್ರ. ಡಾಕ್ಟರನ್ನು ಕರೀರಿ ಮೊದ್ಲು. ತಡ ಮಾಡಿದ್ರೆ ದನವೂ ಉಳಿಯುದಿಲ್ಲ."

"ಅವರಿಗೆ ಹೇಳಿ ಸಾಕು."

ಆಕೆ ಅಂಗಳಕ್ಕೆ ಮುಖ ಮಾಡಿ ಕೂಗಿ ಹೇಳುವುದು ಕೇಳಿಸಿತು. ಕ್ಯಾನುಗಳ ಸದ್ದು. ಅವರೂ ಏನೋ ಕೂಗಿದರು. ಆಕೆ ಫೋನಿಗೆ ಮರಳಿದಾಗ ಸ್ವರ ಬದಲಾಗಿತ್ತು.

"ಅವರಿಗೆ ತಲೆ ಸರಿ ಇಲ್ಲ ಸರ್. ‘ತಲೆ ಇಲ್ಲದಿದ್ರೆ ಮಾಷ್ಟ್ರು ಅವರೇ ಒಂದು ಇಡಲಿ’ ಅಂತ ಹೇಳ್ತಿದ್ದಾರೆ. ನೀವು ಡಾಕ್ಟರಿಗೇ ಹೇಳಿ."

ನಾನೇ ಒಂದು ತಲೆ ಇಟ್ಟೆ: ‘ಸರಿಯಾದುದನ್ನು ಗುರುತಿಸಿ.’ ಪ್ರಪಂಚದ ಪ್ರಶ್ನೆಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಮರುದಿನ ಬಸ್ಸು ಹತ್ತಿ ಹೋಗಿ ಮೂಲವನ್ನು ಕಣ್ಣಾರೆ ನೋಡದಿರಲು ಕಾರಣ, (ಎ) ಸೆಕೆ, (ಬಿ) ಸೊಂಟನೋವು, (ಸಿ) ಕಾರ್ಯದರ್ಶಿಯವರ ಅನುಮತಿ, (ಡಿ) ಸೋಮಾರಿತನ. ಇವುಗಳಲ್ಲಿ ಸೇರದ್ದು ಒಂದಿದೆ. ಯಾವುದೆಂದು ನನಗೂ ಖಚಿತವಿಲ್ಲ. ಅನುವಾದವನ್ನು ಚೊಕ್ಕ ಬರೆದು, ಕೆಳಗೆ ‘ಮೂಲಕ್ಕೆ ನಿಷ್ಠವಾಗಿದೆ’ ಎಂದು ಸಹಿ ಹಾಕಿ ಲಕೋಟೆಯಲ್ಲಿ ಕಳುಹಿಸಿದೆ.

ಪರೀಕ್ಷೆ ನಡೆಯಿತು. ನಾಲ್ಕು ದಿನ ಬಿಟ್ಟು ಅಧ್ಯಕ್ಷರು ಫೋನು ಮಾಡಿದರು. ತೆಂಗು ಅಡಿಕೆ ಮಾಡಿಕೊಂಡಿರುವ ಹಿರಿಯರು, ಯಾವ ವಿಷಯವನ್ನೂ ಹವಾಮಾನದಿಂದ ಶುರು ಮಾಡುವವರು. ಆ ದಿನ ಹವಾಮಾನ ಬಿಟ್ಟರು.

"ಮಾಷ್ಟ್ರೆ, ನೀವು ಒಮ್ಮೆ ಬರ್ಬೇಕು. ಅವಳು ಫೇಲು."

ಸೊಸೈಟಿಯ ಕೋಣೆಯಲ್ಲಿ ನಾವು ನಾಲ್ವರು ಕೂತೆವು: ಅಧ್ಯಕ್ಷರು, ಕಾರ್ಯದರ್ಶಿ, ಸೂಪರ್‌ವೈಸರ್, ನಾನು. ಗಾಜಿನ ಕಿಟಕಿಯ ಆಚೆ ಆಕೆ ಎಂದಿನಂತೆ ಯಂತ್ರಕ್ಕೆ ಹಾಲು ಹಿಡಿಯುತ್ತಿದ್ದರು. ಈಗ ಕೊಬ್ಬು ನೋಡುವುದು ಯಂತ್ರವೇ. ಯಂತ್ರದ ಮೇಲೆ ಯಾರಿಗಾದರೂ ಸಂಶಯ ಬಂದರೆ ಮಾತ್ರ ಹಳೆಯ ಆಸಿಡ್ ಪರೀಕ್ಷೆ. ಅದರ ಬಾಟಲಿಗಳು, ಗಾಜಿನ ಕೊಳವೆಗಳು ಕಪಾಟಿನಲ್ಲಿದ್ದವು.

ಉತ್ತರಪತ್ರಿಕೆಯನ್ನು ನನ್ನ ಮುಂದೆ ಇಟ್ಟರು. ‘ಎ’ ಭಾಗದಲ್ಲಿ ಇಪ್ಪತ್ತಕ್ಕೆ ಹದಿನೆಂಟು. ‘ಬಿ’ ಭಾಗದಲ್ಲಿ ಪ್ರತಿ ಪ್ರಶ್ನೆಗೂ ಮೂರು ಮೂರು ಆಯ್ಕೆಗೆ ಸುತ್ತು ಹಾಕಿದ್ದರು. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಟಿಪ್ಪಣಿ: ‘ಇಲ್ಲಿ ಮೂರು ಸರಿ ಉಂಟು. ಒಂದೇ ಗುರುತು ಮಾಡಿದರೆ ಸುಳ್ಳು ಆಗ್ತದೆ.’

ಇಪ್ಪತ್ತೊಂದನೆಯ ಪ್ರಶ್ನೆ ನೋಡಿದೆ. ಕೊಬ್ಬಿನ ಪರೀಕ್ಷೆಯ ಕೊಳವೆಗೆ ಹಾಕುವುದು: ಎ, ಗಂಧಕಾಮ್ಲ, ಬಿ, ಹಾಲು, ಸಿ, ಫಾರ್ಮಲಿನ್, ಡಿ, ಅಮೈಲ್ ಆಲ್ಕೊಹಾಲ್. ಆಕೆ ಎ, ಬಿ, ಡಿ ಗುರುತಿಸಿದ್ದರು. ಉತ್ತರಸೂಚಿಯಲ್ಲಿ ಸಿ. ನಾನೇ ಬರೆದ ಕನ್ನಡ ಇದು. ಬರೆಯುವಾಗ ಐದೂ ಪ್ರಶ್ನೆಗಳಲ್ಲಿ ನನಗೆ ವಿಚಿತ್ರವೇನೂ ಕಂಡಿರಲಿಲ್ಲ, ಏಕೆಂದರೆ ಪದಗಳನ್ನು ನೋಡುತ್ತಿದ್ದೆ, ಹಾಲನ್ನಲ್ಲ.

"ಒಂದಕ್ಕಿಂತ ಹೆಚ್ಚು ಗುರುತಿಸಿದರೆ ಸೊನ್ನೆ" ಎಂದರು ಸೂಪರ್‌ವೈಸರ್. ತೆಳ್ಳಗಿನ, ಇಸ್ತ್ರಿ ಮುರಿಯದ ಮನುಷ್ಯ. "ಒಟ್ಟು ಹದಿನೆಂಟು."

"ಮೇಲಿನ ಸೂಚನೆ ತಪ್ಪಿದೆ" ಎಂದೆ. "ಅದು ಸೇರದ್ದನ್ನು ಗುರುತಿಸಿ ಎಂದಿರಬೇಕು."

"ಇರಬೇಕು ಎಂಬುದಕ್ಕೆ ಅಂಕ ಇಲ್ಲ. ವ್ಯತ್ಯಾಸ ಇದ್ದರೆ ಇಂಗ್ಲಿಷ್ ಪ್ರತಿಯೇ ಅಂತಿಮ. ತನ್ನಿ."

ಎಲ್ಲರೂ ಕಾರ್ಯದರ್ಶಿಯವರ ಕಡೆ ನೋಡಿದೆವು. ಅವರು ಬೆನ್ನು ನೆಟ್ಟಗೆ ಮಾಡಿದರು. "ಅದನ್ನು ಮಾಷ್ಟ್ರ ಕನ್ನಡ ಬಂದ ದಿನವೇ ಒಲೆಗೆ ಹಾಕಿದೆ. ಗೌಪ್ಯ ಅಲ್ವಾ?"

"ಅಂತಿಮ ಪ್ರತಿಯನ್ನು?"

"ಅಂತಿಮ ಆದದ್ದಕ್ಕೇ."

"ನಿನ್ನ ಫೋನಿನಲ್ಲಿ ಫೋಟೋ ಇಲ್ವಾ ಮಾರಾಯ?" ಎಂದು ಅಧ್ಯಕ್ಷರು ಕೇಳಿದರು.

"ವಾಟ್ಸಾಪಿನಿಂದಲೇ ತೆಗೆದು ಕಳಿಸಿದ್ದು. ನಂಗೂ ತೆರೀಲಿಕ್ಕೆ ಬರುದಿಲ್ಲ. ಅಷ್ಟು ಒಳ್ಳೆ ವ್ಯವಸ್ಥೆ ಅದು."

ನಾನು ಸೂಪರ್‌ವೈಸರರಿಗೆ, ಪ್ರಶ್ನೆ ಬರೆದವರು ನೀವೇ ಅಲ್ಲವೇ, ಏನು ಬರೆದಿರಿ ಎಂದು ಹೇಳಿಬಿಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬರೆದವನು ನಾನು. ಮೌಲ್ಯಮಾಪನ ಮಾಡುವವನೂ ನಾನು. ಮೌಲ್ಯಮಾಪಕನು ಪ್ರಶ್ನೆ ತಯಾರಿಸಿದವರನ್ನು ಸಂಪರ್ಕಿಸುವಂತಿಲ್ಲ."

"ನಿಮ್ಮನ್ನು ನೀವು?"

"ಯಾರನ್ನಾದರೂ."

ಇದು ತಮಾಷೆಗೆ ಹೇಳಿದ್ದಲ್ಲ. ಆ ಮುಖ ನನಗೆ ಈಗಲೂ ನೆನಪಿದೆ, ಪಟ್ಟಿಯಂತೆ ನಾನು ಕಟ್ಟಿಕೊಂಡದ್ದಲ್ಲ ಎಂದು ಆಣೆ ಮಾಡಲಾರೆ. ಶವ ಕೆಡದಂತೆ ಇಡುವ ಫಾರ್ಮಲಿನ್ ಹಾಕುವುದು ತಪ್ಪೆಂದು ಸಾಮಾನ್ಯ ಜ್ಞಾನವೇ ಹೇಳುತ್ತದಲ್ಲ ಎಂದದ್ದಕ್ಕೆ, ಸಾಮಾನ್ಯ ಜ್ಞಾನ ಈ ಪರೀಕ್ಷೆಯ ಪಠ್ಯದಲ್ಲಿಲ್ಲ, ಸೂಚಿಯಲ್ಲಿರುವುದು ಅಕ್ಷರ ಮಾತ್ರ ಎಂದರು.

ಫೋಟೋದಲ್ಲಿ ಆ ಸಾಲಿನ ಮೇಲೆ ಕಾರ್ಯದರ್ಶಿಯವರ ಬೆರಳು ಇತ್ತು ಎಂದಷ್ಟೇ ಹೇಳಿದೆ. ಆಗ ಅಧ್ಯಕ್ಷರಿಗೆ ಹೊಳೆಯಿತು: ಬೆರಳನ್ನೇ ಅಳೆಯೋಣ, ಯಾವ ಸಾಲು ಅದರ ಅಡಿಯಲ್ಲಿ ಹಿಡಿಯುತ್ತದೆ ನೋಡೋಣ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದರು. ಸೂಪರ್‌ವೈಸರ್ ತಮ್ಮ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಬೇಕಾಯಿತು, ಒಂದು ಸರಿಯಾದುದನ್ನು ಗುರುತಿಸಿ ಎಂದು, ಒಂದು ಸೇರದ್ದನ್ನು ಗುರುತಿಸಿ ಎಂದು. ಹೀಗೆ ಬರೆಯುವುದು ಸಂಪರ್ಕವಾಗುವುದಿಲ್ಲ, ಕೈಬರಹದ ಮಾದರಿ ಮಾತ್ರ ಎಂದು ಮೊದಲು ತೀರ್ಮಾನಿಸಿಕೊಂಡೆವು. ಕಾರ್ಯದರ್ಶಿಯವರು ಆ ದಿನ ಹಿಡಿದಂತೆ ಹಿಡಿದರು.

"ಸ್ವಲ್ಪ ಈಚೆ ಇತ್ತು" ಎಂದೆ.

"ಇಲ್ಲ, ಇಲ್ಲೇ. ನನ್ನ ಬೆರಳು ನನಗೆ ಗೊತ್ತಿಲ್ವಾ?"

"ಆವತ್ತು ಉಗುರು ತೆಗೆದಿದ್ಯಾ ಇಲ್ವಾ, ಅದು ಹೇಳು" ಎಂದರು ಅಧ್ಯಕ್ಷರು.

ಬೆರಳು ಎರಡೂ ಸಾಲುಗಳನ್ನು ಸಮನಾಗಿ ಮುಚ್ಚಿತು. ಎರಡರಲ್ಲೂ ‘ಗುರುತಿಸಿ’ ಮಾತ್ರ ಹೊರಗೆ ಉಳಿಯಿತು. ಕಾರ್ಯದರ್ಶಿಯವರು ಬೆರಳನ್ನು ಅಲ್ಲೇ ಇಟ್ಟುಕೊಂಡು ನಮ್ಮ ಮುಖ ನೋಡಿದರು, ತೆಗೆದರೆ ಸಾಕ್ಷ್ಯನಾಶವಾದೀತೆಂಬಂತೆ.

ಸೂಚನೆಯನ್ನು ಮೂಲದಲ್ಲಿ ಓದಿಯೇ ಇಲ್ಲ, ಊಹಿಸಿ ಬರೆದೆ, ಆದರೂ ನಿಷ್ಠವಾಗಿದೆ ಎಂದು ಸಹಿ ಹಾಕಿದೆ ಎಂದು ನಾನು ಒಪ್ಪಿಕೊಂಡದ್ದು ಕೂತ ಕೂಡಲೇ. ಹಾಗೆಂದು ನನ್ನ ನೆನಪು. ಕಾರ್ಯದರ್ಶಿಯವರ ನೆನಪಿನಲ್ಲಿ ನಾನು ಒಪ್ಪಿಕೊಂಡದ್ದು ಬೆರಳನ್ನು ಅಳೆದು ಮುಗಿದ ಮೇಲೆ. ಅವರ ನೆನಪೇ ಸರಿ ಇರಬೇಕು. ಇಲ್ಲವಾದರೆ ಬೆರಳು ಅಳೆಯುವಾಗ ‘ಈಚೆ ಇತ್ತು’ ಎಂದು ಅಷ್ಟು ಗಟ್ಟಿಯಾಗಿ ನಾನು ವಾದಿಸುತ್ತಿರಲಿಲ್ಲ.

ಹಾಲಿನ ಹೊತ್ತು ಮುಗಿದಿತ್ತು. ಆಕೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತರು. ಕ್ಯಾಲೆಂಡರು, ಬೆರಳು, ನಾಲ್ಕು ತಲೆ ನೋಡಿದರು.

"ನಂದೇ ವಿಷಯವಾ?"

ಅಧ್ಯಕ್ಷರು ಹೇಳಿದರು. ಮೂಲ ಇಲ್ಲ, ಸೂಚಿ ಮಾತ್ರ ಉಂಟು, ಸೂಚಿ ಪ್ರಕಾರ ಹದಿನೆಂಟು.

"ಸೂಚಿ ಓದ್ಬಹುದಾ ನಾನು?"

ಪರೀಕ್ಷೆ ಮುಗಿದ ಮೇಲೆ ಸೂಚಿ ತೋರಿಸಲು ಅಡ್ಡಿಯಿಲ್ಲ ಎಂದು ಸೂಪರ್‌ವೈಸರ್ ಕೊಟ್ಟರು. ಆಕೆ ಒಂದು ಕೈಯಲ್ಲಿ ಸೂಚಿ, ಇನ್ನೊಂದರಲ್ಲಿ ನನ್ನ ಕನ್ನಡ ಪತ್ರಿಕೆ ಹಿಡಿದು, ಹಾಲಿನ ಲೆಕ್ಕ ಕೂಗುವ ಸ್ವರದಲ್ಲಿ ಓದಿದರು.

"ಇಪ್ಪತ್ತೊಂದು, ಸಿ. ಕೊಳವೆಗೆ ಫಾರ್ಮಲಿನ್ ಹಾಕುದು. ಇಪ್ಪತ್ತೆರಡು, ಎ. ಕ್ಯಾನಿನ ಹಾಲು ಕಲಕದೆ ಮೇಲಿನಿಂದ ತೆಗೆಯುದು. ಇಪ್ಪತ್ಮೂರು, ಡಿ. ಆಸಿಡನ್ನು ಪಿಪೆಟ್ಟಿನಲ್ಲಿ ಬಾಯಿಯಿಂದ ಎಳೆಯುದು." ನಿಲ್ಲಿಸಿದರು. "ಇದು ಸರಿ ಉತ್ತರ ಅಂತ ಆದ್ರೆ ನಾಳೆಯಿಂದ ಹೀಗೇ ಮಾಡ್ತೇನೆ ಸರ್. ನಂಗೆ ತೊಂದರೆ ಇಲ್ಲ. ನೀವು ಒಂದು ಬರೆದು ಕೊಡಿ. ಮತ್ತೆ ಒಮ್ಮೆ ತೋರಿಸಿ ಕೊಡಿ, ಇಪ್ಪತ್ಮೂರು ಮಾತ್ರ. ನಾನು ಬಾಯಿಯಲ್ಲಿ ಎಳೆದು ಗೊತ್ತಿಲ್ಲ."

ಕಪಾಟು ತೆರೆದು ಆಸಿಡ್ ಬಾಟಲಿ ತಂದು ಸೂಪರ್‌ವೈಸರರ ಮುಂದೆ ಇಟ್ಟರು. ಪಕ್ಕದಲ್ಲಿ ಪಿಪೆಟ್ಟು. ಪಿಪೆಟ್ಟನ್ನು ಸೆರಗಿನಲ್ಲಿ ಒರೆಸಿಯೇ ಇಟ್ಟರು. ಮುಖದಲ್ಲಿ ಕುಹಕ ಇರಲಿಲ್ಲ, ಅದು ನಮ್ಮನ್ನು ಇನ್ನಷ್ಟು ಹೆದರಿಸಿತು.

ಸೂಪರ್‌ವೈಸರ್ ಬಾಟಲಿ ನೋಡಿದರು. ಅಧ್ಯಕ್ಷರು ಕಿಟಕಿ ನೋಡಿದರು.

"ಸೇರದ್ದನ್ನು ಗುರುತಿಸಿ ಎಂದೇ ಬರೆದಿದ್ದೆ" ಎಂದರು ಸೂಪರ್‌ವೈಸರ್. "ಈಗ ನೆನಪಾಯಿತು."

"ಪ್ರಶ್ನೆ ತಯಾರಿಸಿದವರನ್ನು ಸಂಪರ್ಕ ಮಾಡಿದ ಹಾಗೆ ಆಗುದಿಲ್ವಾ?" ಎಂದು ಕಾರ್ಯದರ್ಶಿ ನಿಜವಾದ ಕಳವಳದಿಂದ ಕೇಳಿದರು.

"ನೀನು ಬಾಯಿ ಮುಚ್ಚು, ಆ ಬೆರಳು ತೆಗಿ" ಎಂದರು ಅಧ್ಯಕ್ಷರು.

ಆದರೆ ಮುಗಿಯಲಿಲ್ಲ. ಆಕೆ ಗುರುತಿಸದೆ ಬಿಟ್ಟ ಐದೂ ಆಯ್ಕೆಗಳು ಸೂಚಿಯ ಐದು ಅಕ್ಷರಗಳೇ ಆಗಿದ್ದವು. ಬಿಟ್ಟದ್ದೇ ಉತ್ತರ ಎಂದು ಅಂಕ ಕೊಡಿ ಎಂದರು ಅಧ್ಯಕ್ಷರು. ಸುತ್ತು ಹಾಕದ ಅಕ್ಷರಕ್ಕೆ ಅಂಕ ಕೊಡುವ ನಿಯಮ ಇಲ್ಲ ಎಂದರು ಸೂಪರ್‌ವೈಸರ್. ಸೂಚನೆ ತಪ್ಪಿದ ಭಾಗವನ್ನು ಸರಿಪಡಿಸಿ ಮತ್ತೆ ನಡೆಸಬಹುದು, ಅದಕ್ಕೆ ನಿಯಮ ಇದೆ.

"ಅವಳು ಸೂಚಿ ಓದಿ ಆಯ್ತಲ್ಲ" ಎಂದರು ಕಾರ್ಯದರ್ಶಿ.

ಹಾಗಾಗಿ ಆಯ್ಕೆಗಳ ಕ್ರಮ ಬದಲಿಸಿ ಹೊಸ ಹಾಳೆ ಬರೆಯಬೇಕಾಯಿತು. ನಾನು ಬರೆದೆ, ಈ ಸಲ ನೇರವಾಗಿ ಕನ್ನಡದಲ್ಲಿ, ಸೂಪರ್‌ವೈಸರ್ ಎದುರಿಗೆ ಕೂತು ಒಂದೊಂದು ಪದಕ್ಕೂ ಬೆರಳಿಟ್ಟು ಓದಿದರು. ಅವರ ಬೆರಳನ್ನು ಪ್ರತಿ ಸಲ ನಾನು ಸರಿಸಿದೆ. ‘ಕೆಳಗಿನ ಪ್ರತಿ ಪ್ರಶ್ನೆಯಲ್ಲಿ ಮಾಡಬಾರದ ಅಥವಾ ಸೇರದ ಒಂದನ್ನು ಮಾತ್ರ ಗುರುತಿಸಿ.’ ಕೆಳಗೆ ಗೆರೆ ಎಳೆದೆ.

"ಇದರ ಒಂದು ಫೋಟೋ ತೆಗೀಲಾ, ದಾಖಲೆಗೆ?" ಎಂದರು ಕಾರ್ಯದರ್ಶಿ. ಹಾಳೆಯನ್ನು ನಾನು ಆಕೆಯ ಕೈಗೆ ಕೊಟ್ಟೆ.

ಆಕೆ ನಿಂತುಕೊಂಡೇ ಬರೆದರು. ಕ್ಯಾನಿನ ಲಾರಿ ಬರುವ ಹೊತ್ತಾಗಿತ್ತು. ಐದಕ್ಕೆ ಐದು, ಒಟ್ಟು ಇಪ್ಪತ್ತಮೂರು. ಸೂಪರ್‌ವೈಸರ್ ಕೆಂಪು ಶಾಯಿಯಲ್ಲಿ ಅದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಸಹಿ ಮಾಡಿದರು. ಅಧ್ಯಕ್ಷರು ಕೊನೆಗೂ ಹವಾಮಾನ ಶುರು ಮಾಡಿದರು.

ನಾನು ಆಕೆಯ ಬಳಿ ಹೋಗಿ, ತಪ್ಪು ನನ್ನದು, ಕಾಣದ್ದನ್ನು ಕಂಡಂತೆ ಬರೆದೆ ಎಂದೆ. ಆಕೆ ಪಿಪೆಟ್ಟನ್ನು ಕಪಾಟಿನಲ್ಲಿಡುತ್ತಿದ್ದರು.

"ಇರ್ಲಿ ಸರ್. ಆ ಕರು ಎಂತಾಯ್ತು?"

"ಯಾವ ಕರು?" ಎಂದೆ. ಆಮೇಲೆ, "ನಮ್ಮಲ್ಲಿ ದನವೇ ಇಲ್ಲ" ಎಂದೆ.

"ಅದು ಗೊತ್ತುಂಟು. ಐದು ಕಾಲು ಅಂದಾಗ್ಲೇ ಗೊತ್ತಾಯ್ತು." ಕಪಾಟಿನ ಬಾಗಿಲು ಹಾಕಿದರು. "ಎಂತದೋ ಪರೀಕ್ಷೆಯ ವಿಷಯ ಅಂತ ಅನಿಸಿತು. ಮತ್ತೆ ಕೇಳ್ಲಿಲ್ಲ. ಕೇಳಿದ್ರೆ ಪೇಪರು ಲೀಕ್ ಮಾಡಿದ ಹಾಗೆ ಆಗ್ತದಲ್ಲ ಸರ್. ಅದಕ್ಕೆ ಪೇಪರು ಬರೆದವರನ್ನೇ ಕೇಳಿ ಅನ್ನುವ ಬದಲು ಡಾಕ್ಟರಿಗೆ ಹೇಳಿ ಅಂತ ಹೇಳಿದ್ದು. ನೀವು ಹೇಳ್ಲಿಲ್ಲ."